ಸ್ಟಾಲ್ ರೇಟ್ ಎಷ್ಟು ಸಾರ್?

ಪೀಣ್ಯ ಎರಡನೇ ಹಂತದಲ್ಲಿ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಎಂಟು ಜನ ಕೆಲಸಗಾರರು, ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು. ಹತ್ತು ವರ್ಷ ಬೇರೆಯವರ ಡ್ರಾಯಿಂಗಿಗೆ ಜಾಬ್‌ವರ್ಕ್ ಮಾಡಿಕೊಟ್ಟ ಮಾಲೀಕರು ಈಗ ಸ್ವಂತದ್ದೊಂದು ಟ್ಯಾಪಿಂಗ್ ಮಷೀನು ತಯಾರಿಸಿದ್ದಾರೆ. ತೂಕ 400 ಕೆ.ಜಿ., 3 ಎಚ್‌ಪಿ ಮೋಟರು, ಕ್ಲ್ಯಾಂಪ್ ಹಿಡಿಯಲು ಗಾಳಿಯ ಒತ್ತಡ ಬೇಕು. ಅದೇ ತುಮಕೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ, ಮಾದಾವರದ ಬಳಿ, ಬಿಐಇಸಿ ಎಂದೇ ಎಲ್ಲರೂ ಕರೆಯುವ ವಸ್ತುಪ್ರದರ್ಶನ ಕೇಂದ್ರ. ಅಲ್ಲಿ ನಡೆಯುವ ಯಂತ್ರಗಳ ಮೇಳವೊಂದರಲ್ಲಿ ಈ ಮಷೀನನ್ನು ನಿಲ್ಲಿಸಬೇಕೆಂಬುದು ಅವರ ಆಸೆ. ಮೇಳ ನಡೆಸುವವರ ಆಫೀಸಿಗೆ ಫೋನು ಹಚ್ಚುತ್ತಾರೆ.

"ಸ್ಟಾಲ್ ರೇಟ್ ಎಷ್ಟು ಸಾರ್?"

"ಪರ್ ಸ್ಕ್ವೇರ್ ಮೀಟರ್ ಹನ್ನೆರಡು ಸಾವಿರ ಸಾರ್. ಮಿನಿಮಮ್ ಒಂಬತ್ತು ಮೀಟರ್. ಪ್ಲಸ್ ಜಿಎಸ್‌ಟಿ. ಫಾರ್ಮ್ ಮೇಲ್ ಮಾಡ್ಲಾ?"

ಒಂಬತ್ತನ್ನು ಹನ್ನೆರಡರಿಂದ ಗುಣಿಸಿದರೆ 1,08,000. ಮಾಲೀಕರು ಹಳೆಯ ಇನ್‌ವಾಯ್ಸಿನ ಹಿಂಬದಿಯಲ್ಲಿ ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಎಡವುವುದೇ ಇಲ್ಲಿ. ಅವರು ಕೇಳಿದ್ದು ನೆಲದ ಬಾಡಿಗೆ, ಸಿಕ್ಕಿದ್ದೂ ನೆಲದ ಬಾಡಿಗೆಯೇ. ಮಷೀನು ಅಲ್ಲಿ ನಿಂತು, ತಿರುಗಿ, ನಾಲ್ಕು ಜನ ನೋಡುವಂತಾಗಲು ಆಗುವ ಖರ್ಚು ಬೇರೆ.

ಮೇಳದ ನೆಲ ಎರಡು ರೂಪದಲ್ಲಿ ಸಿಗುತ್ತದೆ. ಒಂದು 'ಬೇರ್ ಸ್ಪೇಸ್'. ನೆಲದ ಮೇಲೆ ಟೇಪಿನಲ್ಲೋ ಸೀಮೆಸುಣ್ಣದಲ್ಲೋ ಎಳೆದ ಚೌಕ, ಅಷ್ಟೇ. ಜಮಖಾನೆಯಿಂದ ಹಿಡಿದು ದೀಪದವರೆಗೆ ಎಲ್ಲವನ್ನೂ ಬಾಡಿಗೆದಾರನೇ ತರಬೇಕು. ಸಾಮಾನ್ಯವಾಗಿ ದೊಡ್ಡ ಅಳತೆಗೆ ಮಾತ್ರ ಇದನ್ನು ಕೊಡುತ್ತಾರೆ. ಇನ್ನೊಂದು 'ಶೆಲ್ ಸ್ಕೀಮ್': ಅಲ್ಯೂಮಿನಿಯಂ ಕಂಬಗಳಿಗೆ ಬಿಳಿ ಹಲಗೆ ಸಿಕ್ಕಿಸಿದ ಮೂರು ಗೋಡೆ, ತಲೆಯ ಮೇಲೆ ಕಂಪನಿಯ ಹೆಸರಿನ ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಎರಡೋ ಮೂರೋ ದೀಪ, ಒಂದು ಪ್ಲಗ್ಗು. ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಒಂಬತ್ತು ಚದರ ಮೀಟರಿನ ಶೆಲ್ ಸ್ಟಾಲೇ ಸಣ್ಣವರ ಪಾಲಿನ ಸ್ಟಾಲು. ಕಂಬಗಳ ದಪ್ಪ ಒಳಗೇ ಸೇರುವುದರಿಂದ ಒಳ ಅಳತೆ ಮೂರು ಮೀಟರಿಗಿಂತ ತುಸು ಕಡಿಮೆಯೇ ಇರುತ್ತದೆ. ಸರಿಯಾಗಿ ಮೂರು ಮೀಟರಿನ ಬ್ಯಾನರ್ ಪ್ರಿಂಟ್ ಹಾಕಿಸಿಕೊಂಡು ಬಂದವರು ಹಿಂದಿನ ರಾತ್ರಿ ಕತ್ತರಿ ಹುಡುಕುವುದು ಪ್ರತಿ ಮೇಳದಲ್ಲೂ ಕಾಣುವ ದೃಶ್ಯ.

ಆ ಒಂದು ಪ್ಲಗ್ಗಿನ ಕಥೆಯನ್ನು ನೋಡೋಣ. ಅದು ಸಿಂಗಲ್ ಫೇಸ್, 5 ಆಂಪ್. ಮೊಬೈಲ್ ಚಾರ್ಜ್ ಮಾಡಬಹುದು, ಲ್ಯಾಪ್‌ಟಾಪ್ ಹಾಕಬಹುದು. 3 ಎಚ್‌ಪಿ ಮೋಟರೆಂದರೆ ಸುಮಾರು ಎರಡೂಕಾಲು ಕಿಲೋವ್ಯಾಟ್, ಅದೂ ತ್ರೀ ಫೇಸ್. ಅದಕ್ಕೆ ಬೇರೆ ಫಾರ್ಮ್, ಬೇರೆ ದುಡ್ಡು. ಗಾಳಿಗೂ ಹಾಗೆಯೇ. ನಮ್ಮದೇ ಕಂಪ್ರೆಸರ್ ತರುತ್ತೇವೆ ಎಂದರೆ ಗದ್ದಲವಾಗುತ್ತದೆಂದು ಹಾಲ್ ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಸಂಘಟಕರು ಎಳೆದ ಪೈಪಿನಿಂದಲೇ ಕನೆಕ್ಷನ್ ತೆಗೆದುಕೊಳ್ಳಬೇಕು.

ಹಾಗಾದರೆ ಪೂರ್ತಿ ಲೆಕ್ಕ ಎಷ್ಟು? ಇಲ್ಲಿ ಕೊಡುವ ದರಗಳು ಯಾವ ಮೇಳದವೂ ಅಲ್ಲ, ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ಶೀರ್ಷಿಕೆಗಳು ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆಯೂ ಇರುವಂಥವು. ನೆಲ ಮತ್ತು ಶೆಲ್ ಸೇರಿ 1,08,000. ಎರಡು ಬದಿ ತೆರೆದಿರುವ ಮೂಲೆ ಸ್ಟಾಲು ಬೇಕೆಂದರೆ ಶೇ 10 ಹೆಚ್ಚು, ಅಂದರೆ 10,800. ನೋಂದಣಿಗೆ, ಕ್ಯಾಟಲಾಗಿನಲ್ಲಿ ಹೆಸರು ಹಾಕುವುದಕ್ಕೆ 7,500. ಇದು ಬೇಡ ಎನ್ನಲು ಬರುವುದಿಲ್ಲ. ಮೂರು ಕಿಲೋವ್ಯಾಟ್ ವಿದ್ಯುತ್ತಿಗೆ ಕಿಲೋವ್ಯಾಟಿಗೆ 4,000ದಂತೆ 12,000. ಗಾಳಿಯ ಕನೆಕ್ಷನ್ನಿಗೆ ಇನ್ನೊಂದು 12,000. ಒಟ್ಟು 1,50,300. ಇದರ ಮೇಲೆ ಶೇ 18 ಜಿಎಸ್‌ಟಿ 27,054 ಸೇರಿದರೆ 1,77,354. ಇನ್‌ವಾಯ್ಸಿನ ಹಿಂಬದಿಯ ಲೆಕ್ಕಕ್ಕಿಂತ 69 ಸಾವಿರ ಚಿಲ್ಲರೆ ಜಾಸ್ತಿ. ಮಷೀನು ಇಳಿಸಿ ಜಾಗಕ್ಕೆ ಕೂರಿಸುವ ಫೋರ್ಕ್‌ಲಿಫ್ಟಿನ ಬಾಡಿಗೆ ಇದರಲ್ಲಿ ಸೇರಿಲ್ಲ. ಅದನ್ನು ಮೇಳದವರು ಗೊತ್ತುಮಾಡಿದ ಸಾಗಣೆದಾರರಿಂದಲೇ ಪಡೆಯಬೇಕು, ಒಳಗೆ ಒಂದು ಸಲ, ಹೊರಗೆ ಒಂದು ಸಲ.

ಜಿಎಸ್‌ಟಿಯಲ್ಲಿ ಒಂದು ಸಮಾಧಾನವಿದೆ. ವರ್ಕ್‌ಶಾಪು ಮಾಮೂಲಿ ನೋಂದಣಿಯಲ್ಲಿದ್ದರೆ ಆ 27 ಸಾವಿರವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಆದರೆ ಬುಕಿಂಗ್ ಫಾರ್ಮಿನಲ್ಲೇ ಜಿಎಸ್‌ಟಿ ನಂಬರು ಬರೆದಿರಬೇಕು. ಮಾಲೀಕರ ಸ್ವಂತ ಹೆಸರಿಗೆ ಬಿಲ್ಲು ಹಾಕಿಸಿಕೊಂಡು ಆಮೇಲೆ ತಿದ್ದಿಸಲು ಓಡಾಡುವವರ ಪಾಡು ಬೇಡ. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಕ್ರೆಡಿಟ್ ಇಲ್ಲ, ಅವರಿಗೆ ಅದು ಪೂರ್ತಿ ಖರ್ಚೇ.

ಹೀಗಾಗಿ ಫೋನಿನಲ್ಲಿ ದರ ಕೇಳುವುದಕ್ಕಿಂತ ಪತ್ರ ಬರೆದು ಕೇಳುವುದು ಮೇಲು. ಆ ಪತ್ರದಲ್ಲಿ ತಮ್ಮ ವಿವರವೂ ಇರಬೇಕು. ಸ್ಟಾಲಿನಲ್ಲಿ ಏನು ನಿಲ್ಲುತ್ತದೆ, ಎಷ್ಟು ತೂಕ, ಯಾವ ವಿದ್ಯುತ್ತು ಎಂದು ಹೇಳದೆ ಬೆಲೆ ಕೇಳಿದರೆ ಬರುವುದು ಬ್ರೋಷರ್ ಮಾತ್ರ. ಪೀಣ್ಯದ ಮಾಲೀಕರ ಮಗಳು ಕಾಮರ್ಸ್ ಓದಿ ಅಪ್ಪನ ಲೆಕ್ಕಪತ್ರ ನೋಡಿಕೊಳ್ಳುವವಳು ಎಂದಿಟ್ಟುಕೊಂಡರೆ, ಅವಳು ಬರೆಯುವ ಮೇಲು ಹೀಗಿದ್ದೀತು:

"ಮಾನ್ಯರೆ, ನಾವು ಟ್ಯಾಪಿಂಗ್ ಮಷೀನು ತಯಾರಿಸುವವರು. ನಿಮ್ಮ ಮೇಳದಲ್ಲಿ 9 ಚದರ ಮೀಟರಿನ ಶೆಲ್ ಸ್ಟಾಲು ಬೇಕಾಗಿದೆ. 400 ಕೆ.ಜಿ.ಯ ಒಂದು ಮಷೀನನ್ನು ಚಾಲನೆಯಲ್ಲಿ ತೋರಿಸುತ್ತೇವೆ. ತ್ರೀ ಫೇಸ್ 3 ಕಿಲೋವ್ಯಾಟ್ ವಿದ್ಯುತ್ತು, ಗಾಳಿಯ ಒಂದು ಕನೆಕ್ಷನ್ ಬೇಕು. ಕಡ್ಡಾಯ ಶುಲ್ಕ, ತೆರಿಗೆ ಎಲ್ಲ ಸೇರಿ ಒಟ್ಟು ಮೊತ್ತದ ಪ್ರೊಫಾರ್ಮಾ ಇನ್‌ವಾಯ್ಸ್ ಕಳಿಸಿ. ಖಾಲಿ ಇರುವ ಸ್ಟಾಲುಗಳನ್ನು ಗುರುತಿಸಿದ, ಕಂಬ ಮತ್ತು ಬೆಂಕಿ ಆರಿಸುವ ಪೈಪುಗಳ ಜಾಗ ತೋರಿಸುವ ಹಾಲ್ ನಕ್ಷೆ ಬೇಕು. ಮಷೀನು ಯಾವ ದಿನ, ಎಷ್ಟು ಗಂಟೆಯಿಂದ ಒಳಗೆ ತರಬಹುದು, ಕೊನೆಯ ದಿನ ಎಷ್ಟು ಗಂಟೆಗೆ ತೆಗೆಯಬಹುದು ತಿಳಿಸಿ. ಹಣ ಕಟ್ಟುವ ಕಂತುಗಳು, ಪ್ರತಿ ಕಂತಿನ ಕೊನೆಯ ದಿನಾಂಕ, ನಾವು ಹಿಂದೆ ಸರಿದರೆ ಮತ್ತು ನೀವು ಮೇಳ ಮುಂದೂಡಿದರೆ ಹಣದ ಗತಿ ಏನು ಎಂಬುದನ್ನು ಬರಹದಲ್ಲಿ ತಿಳಿಸಬೇಕಾಗಿ ಕೋರಿಕೆ. ನಿಯಮಗಳ ಪೂರ್ತಿ ಪ್ರತಿ ಲಗತ್ತಿಸಿ."

ಇದರಲ್ಲಿ ಕಂಬದ ಮಾತು ಯಾಕೆ ಬಂತು ಎಂದು ಯಾರಿಗಾದರೂ ಅನ್ನಿಸಬಹುದು. ಹಾಲುಗಳಿಗೆ ಕಂಬಗಳಿರುತ್ತವೆ, ಕೆಲವು ಸ್ಟಾಲುಗಳ ಹೊಟ್ಟೆಯೊಳಗೇ ಇರುತ್ತವೆ. ಮಾರಾಟಕ್ಕೆ ಕಳಿಸುವ ಬಣ್ಣಬಣ್ಣದ ನಕ್ಷೆಯಲ್ಲಿ ಅವು ಕಾಣದೆ ಹೋಗಬಹುದು, ತಾಂತ್ರಿಕ ನಕ್ಷೆಯಲ್ಲಿ ಮಾತ್ರ ಕಾಣುತ್ತವೆ. ಕಂಬ ನುಂಗಿದ ಜಾಗಕ್ಕೆ ಬಾಡಿಗೆ ಕಡಿತ ಸಾಮಾನ್ಯವಾಗಿ ಇರುವುದಿಲ್ಲ. ಒಂಬತ್ತು ಮೀಟರಿನ ಸ್ಟಾಲಿನಲ್ಲಿ ಅರ್ಧ ಮೀಟರಿನ ಕಂಬ ನಿಂತರೆ ಮಷೀನು ನಿಲ್ಲಿಸಬಹುದು, ಮಷೀನಿನ ಸುತ್ತ ಜನ ನಿಲ್ಲಲಾಗದು.

ಇನ್ನು ದಿನಾಂಕ. ಜಾಹೀರಾತಿನಲ್ಲಿರುವುದು ಸಂದರ್ಶಕರ ದಿನಾಂಕ. ಸ್ಟಾಲಿನವರ ಮೇಳ ಅದಕ್ಕೂ ಎರಡು ಮೂರು ದಿನ ಮೊದಲೇ ಶುರುವಾಗಿ, ಮುಗಿದ ಮರುದಿನದವರೆಗೆ ನಡೆಯುತ್ತದೆ. ಶೆಲ್ ಸ್ಟಾಲುಗಳನ್ನು ಸಾಮಾನ್ಯವಾಗಿ ಹಿಂದಿನ ದಿನ ಒಪ್ಪಿಸುತ್ತಾರೆ. ಕಾಗದಪತ್ರ, ಸ್ಯಾಂಪಲ್ ತರುವವರಿಗೆ ಅಷ್ಟು ಸಾಕು. 400 ಕೆ.ಜಿ. ತರುವವರಿಗೆ ಸಾಲದು. ಗೋಡೆ ನಿಂತು, ಓಣಿಗೆ ಜಮಖಾನೆ ಹಾಸಿದ ಮೇಲೆ ಫೋರ್ಕ್‌ಲಿಫ್ಟ್ ಒಳಗೆ ಬರಲಾರದು. ಭಾರದ ವಸ್ತು ಮೊದಲು, ಗೋಡೆ ಆಮೇಲೆ. ಈ ಸರದಿಯನ್ನು ಮೇಳದವರು ಗೊತ್ತುಮಾಡಬೇಕಾದರೆ ತೂಕ ಅವರಿಗೆ ಮೊದಲೇ ತಿಳಿದಿರಬೇಕು. ಬಾಗಿಲಿಗೆ ಬಂದ ಮೇಲೆ ಹೇಳಿದರೆ ಲಾರಿ ಹೊರಗೆ ನಿಲ್ಲುತ್ತದೆ, ಲಾರಿಯ ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಗಂಟೆಗಳನ್ನೂ ಕೇಳಬೇಕು. ಸಂಜೆ ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಹಾಲಿನ ವಿದ್ಯುತ್ತು ತೆಗೆಯುವುದು ರೂಢಿ. ಟ್ಯಾಪಿಂಗ್ ಮಷೀನಿಗೆ ಇದರಿಂದ ನಷ್ಟವಿಲ್ಲ. ಐಸ್‌ಕ್ರೀಮ್ ಫ್ರೀಜರ್ ತಂದವರಿಗೆ ರಾತ್ರಿ ಬೆಳಗಾಗುವುದರೊಳಗೆ ಪಾಯಸ. 24 ಗಂಟೆಯ ಲೈನು ಬೇರೆಯೇ ಸಿಗುತ್ತದೆ, ಬೇರೆಯೇ ದರದಲ್ಲಿ. ಕೊನೆಯ ದಿನ ನಿಗದಿತ ಗಂಟೆಗೆ ಮೊದಲು ಸಾಮಾನು ಕಟ್ಟಬಾರದೆಂದೂ ಬಹುತೇಕ ನಿಯಮಾವಳಿಗಳಲ್ಲಿರುತ್ತದೆ.

ದಿನಾಂಕದ ಇನ್ನೊಂದು ಮುಖ ಮೇಳ ಎಷ್ಟು ವರ್ಷಕ್ಕೊಮ್ಮೆ ಎಂಬುದು. ಭಾರತದ ಯಂತ್ರೋಪಕರಣ ತಯಾರಕರ ಸಂಘ ನಡೆಸುವ ಇಮ್‌ಟೆಕ್ಸ್ 1969ರಲ್ಲಿ ಮುಂಬೈಯಲ್ಲಿ ಶುರುವಾಗಿ ಈಗ ಬಿಐಇಸಿಯಲ್ಲಿ ನಡೆಯುತ್ತದೆ. ಲೋಹ ಕೊರೆಯುವ, ಕತ್ತರಿಸುವ ಯಂತ್ರಗಳ ಮೇಳ ಸಾಮಾನ್ಯವಾಗಿ ಬೆಸ ವರ್ಷದ ಜನವರಿಯಲ್ಲಿ. 2025ರದ್ದು ಜನವರಿ 23ರಿಂದ 29ರವರೆಗೆ ಇತ್ತು. ಲೋಹ ಬಗ್ಗಿಸುವ, ಒತ್ತುವ ಯಂತ್ರಗಳದ್ದು ಸಮ ವರ್ಷದಲ್ಲಿ. ಟ್ಯಾಪಿಂಗ್ ಮಷೀನಿನವರು ಒಂದು ಗಡುವು ತಪ್ಪಿಸಿಕೊಂಡರೆ ಕಾಯಬೇಕಾದದ್ದು ಎರಡು ವರ್ಷ. ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ನಡೆಯುವ ಮುದ್ರಣ ಯಂತ್ರಗಳ ಮೇಳ ದ್ರೂಪಾ 2024ರಲ್ಲಿ ನಡೆಯಿತು, ಮುಂದಿನದು 2028ಕ್ಕೆ.

ಗಡುವು ಎಂದು ಏಕವಚನದಲ್ಲಿ ಹೇಳುವುದೂ ಅಷ್ಟು ಸರಿಯಲ್ಲ. ಅಲ್ಲಿ ಗಡುವುಗಳ ಸಾಲೇ ಇರುತ್ತದೆ. ಬೇಗ ಬಂದವರಿಗೆ ರಿಯಾಯಿತಿ ಮುಗಿಯುವ ದಿನ, ಫಾರ್ಮ್ ಕೊಡುವ ದಿನ, ಬಾಕಿ ಹಣದ ದಿನ, ಕ್ಯಾಟಲಾಗಿಗೆ ವಿವರ ಕಳಿಸುವ ದಿನ, ತಲೆಪಟ್ಟಿಯಲ್ಲಿ ಹೆಸರು ಹೇಗೆ ಬರಬೇಕೆಂದು ತಿಳಿಸುವ ದಿನ, ವಿದ್ಯುತ್ತು ಗಾಳಿಯ ಫಾರ್ಮಿನ ದಿನ. ಕೊನೆಯ ಮೂರು 'ಎಕ್ಸಿಬಿಟರ್ ಮ್ಯಾನ್ಯುಯಲ್' ಎಂಬ ದಪ್ಪ ಕಡತದಲ್ಲಿ ಅಡಗಿರುತ್ತವೆ. ಆ ಕಡತ ಕೈಗೆ ಬರುವುದು ಹಣ ಕಟ್ಟಿದ ಮೇಲೆ. ದಿನ ದಾಟಿದರೆ ವಿದ್ಯುತ್ತಿನ ದರ ಏರುತ್ತದೆ. ಹಿಂದಿನ ವರ್ಷದ ಮ್ಯಾನ್ಯುಯಲ್ ಇದ್ದರೆ ಕಳಿಸಿ ಎಂದು ವಿಚಾರಿಸುವಾಗಲೇ ಕೇಳಿದರೆ ಬಹಳಷ್ಟು ಸಂಘಟಕರು ಕೊಡುತ್ತಾರೆ. ಇಷ್ಟು ಸುಲಭದ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಆದರೆ ಎಲ್ಲಕ್ಕಿಂತ ದೊಡ್ಡ ಗೊಂದಲ ಇರುವುದು 'ಅರ್ಜಿ' ಎಂಬ ಪದದಲ್ಲಿ. ನಮ್ಮಲ್ಲಿ ಅರ್ಜಿ ಹಾಕುವುದೆಂದರೆ ಕೇಳಿಕೊಳ್ಳುವುದು. ರೇಷನ್ ಕಾರ್ಡಿಗೆ, ಸೈಟಿಗೆ, ಕಾಲೇಜು ಸೀಟಿಗೆ ಅರ್ಜಿ ಹಾಕುತ್ತೇವೆ, ಸಿಕ್ಕರೆ ಸಿಕ್ಕಿತು, ಮನಸ್ಸು ಬದಲಾದರೆ ಸುಮ್ಮನಾಗುತ್ತೇವೆ. ಮೇಳದ 'ಅಪ್ಲಿಕೇಷನ್ ಫಾರ್ಮ್' ಅಂಥದ್ದಲ್ಲ. ಅದಕ್ಕೆ ಸಹಿ ಹಾಕಿ ಸೀಲು ಒತ್ತಿದರೆ, ಹಿಂಬದಿಯಲ್ಲಿ ಅಚ್ಚಾದ ಸಣ್ಣಕ್ಷರದ ನಿಯಮಗಳನ್ನೆಲ್ಲ ಒಪ್ಪಿದ ಹಾಗೆ. ಸಂಘಟಕರು ಸ್ಟಾಲು ಮಂಜೂರು ಮಾಡಿದ ಕ್ಷಣದಿಂದ ಅದು ಕರಾರು. ಜರ್ಮನಿಯ ಮೇಳಗಳಲ್ಲಿ ಈ ಎರಡು ಹೆಜ್ಜೆಯ ಪದ್ಧತಿ ಕಟ್ಟುನಿಟ್ಟು: ನೋಂದಣಿ ಫಾರ್ಮು ಕಂಪನಿಯ ಕಡೆಯಿಂದ ಬದ್ಧ ಕೊಡುಗೆ, ಮಂಜೂರಾತಿ ಪತ್ರ ಬಂದರೆ ಒಪ್ಪಂದ ಪೂರ್ತಿ. ಆಮೇಲೆ ಹೋಗದಿದ್ದರೂ ಬಾಡಿಗೆ ಕೊಡಲೇಬೇಕಾದೀತು.

ಹಾಗಾಗಿ 'ಜಾಗ ಹಿಡಿದಿಡಲು ಫಾರ್ಮ್ ಒಂದು ಕಳಿಸಿಬಿಡಿ ಸಾರ್, ಆಮೇಲೆ ನೋಡೋಣ' ಎಂದು ಮಾರಾಟದ ಹುಡುಗ ಹೇಳಿದಾಗ ಕೇಳಬೇಕಾದ್ದು ಒಂದೇ ಪ್ರಶ್ನೆ. ಸಹಿ ಇಲ್ಲದೆ ಎಷ್ಟು ದಿನ ಹಿಡಿದಿಡುತ್ತೀರಿ? ಒಂದು ವಾರ, ಹತ್ತು ದಿನ ಹಿಡಿದಿಡುವ ಸಂಘಟಕರು ಇದ್ದಾರೆ. ಅದನ್ನು ಮೇಲಿನಲ್ಲಿ ಬರೆಸಿಕೊಂಡರೆ ಸಹಿ ಅವಸರದಲ್ಲಿ ಬೀಳುವುದಿಲ್ಲ. ಮಾರಾಟದ ಹುಡುಗನ ಮೇಲೆ ಸಿಟ್ಟಾಗಬೇಕಿಲ್ಲ, ಅವನಿಗೂ ಟಾರ್ಗೆಟ್ ಇದೆ. ಫೋನಿನಲ್ಲಿ ಅವನು ಕೊಟ್ಟ ಮಾತು ಫಾರ್ಮಿನ ಹಿಂಬದಿಯಲ್ಲಿ ಇಲ್ಲದಿದ್ದರೆ ಅದು ಮಾತಷ್ಟೇ.

ಆ ಸಣ್ಣಕ್ಷರಗಳಲ್ಲಿ ಮೊದಲು ಹುಡುಕಬೇಕಾದ್ದು ರದ್ದತಿಯ ಮೆಟ್ಟಿಲುಗಳು. ಮೇಳಕ್ಕೆ ಆರು ತಿಂಗಳಿಗೆ ಮೊದಲು ಹಿಂದೆ ಸರಿದರೆ ಇಷ್ಟು ಕಡಿತ, ಮೂರು ತಿಂಗಳ ಒಳಗಾದರೆ ಪೂರ್ತಿ ಹೋಯಿತು ಎಂಬಂತೆ ಅವು ಇಳಿಯುತ್ತವೆ. ಹಿಂದೆ ಸರಿದ ಮಾತ್ರಕ್ಕೆ ಉಳಿದ ಕಂತು ಮಾಫಿಯಾಗುತ್ತದೆ ಎಂದುಕೊಳ್ಳುವುದೂ ತಪ್ಪು. ಶೇ 100 ಎಂದು ಬರೆದಿದ್ದರೆ ಕಟ್ಟದ ಬಾಕಿಯನ್ನೂ ಕೇಳಬಹುದು. ಎರಡನೆಯದು, ಮೇಳವೇ ನಡೆಯದಿದ್ದರೆ ಏನು ಎಂಬ ಕಲಮು. 2020ರ ಫೆಬ್ರವರಿ 24ಕ್ಕೆ ಬಾರ್ಸಿಲೋನಾದಲ್ಲಿ ತೆರೆಯಬೇಕಿದ್ದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಫೆಬ್ರವರಿ 12ರಂದು ರದ್ದಾಯಿತು. ಅದೇ ವರ್ಷ ಏಪ್ರಿಲ್‌ನ ಹ್ಯಾನೋವರ್ ಕೈಗಾರಿಕಾ ಮೇಳವನ್ನು ಮೊದಲು ಜುಲೈಗೆ ಮುಂದೂಡಿ, ಆಮೇಲೆ ರದ್ದು ಮಾಡಿದರು. ಅಲ್ಲಿಯವರೆಗೆ ಯಾರೂ ಓದದಿದ್ದ ಕಲಮು ಅದು. ಮುಂದೂಡಿದರೆ ಹಣ ವಾಪಸೋ, ಮುಂದಿನ ಮೇಳಕ್ಕೆ ಜಮೆಯೋ, ಆಗಿರುವ ಖರ್ಚನ್ನು ಹಿಡಿದುಕೊಂಡು ಉಳಿದದ್ದೋ ಎಂಬುದು ಒಂದೊಂದು ಕಡೆ ಒಂದೊಂದು ಥರ. ಮೂರನೆಯದು ಬಹುತೇಕ ಎಲ್ಲ ಫಾರ್ಮುಗಳಲ್ಲೂ ಇರುವಂಥದ್ದು. ಸ್ಟಾಲಿನ ಜಾಗ ಬದಲಿಸುವ ಹಕ್ಕು ಸಂಘಟಕರದು. ಮೂಲೆಗೆ ಹೆಚ್ಚು ಹಣ ಕಟ್ಟಿದವರನ್ನು ನಡುಸಾಲಿಗೆ ಹಾಕಿದರೆ ಆ ಶೇ 10 ಮರಳುತ್ತದೆಯೇ ಎಂಬುದನ್ನು ಮುಂಚೆಯೇ ಬರೆಸಿಕೊಳ್ಳಬೇಕು.

ಸ್ಟಾಲನ್ನು ಇಬ್ಬರು ಹಂಚಿಕೊಳ್ಳುವ ಯೋಚನೆ ಪೀಣ್ಯದಂಥ ಕಡೆ ಸಹಜ. ಪಕ್ಕದ ಶೆಡ್ಡಿನವರ ಡ್ರಿಲ್ ಚಕ್‌ಗಳನ್ನೂ ಒಂದು ಮೂಲೆಯಲ್ಲಿ ಇಟ್ಟರೆ ಖರ್ಚು ಅರ್ಧವಾಗುತ್ತದಲ್ಲ? ಕೇಳದೆ ಮಾಡಿದರೆ ಅದು ಒಳಬಾಡಿಗೆ, ನಿಯಮ ಮುರಿದಂತೆ. ಕೇಳಿದರೆ ಅದಕ್ಕೆ 'ಸಹ ಪ್ರದರ್ಶಕ' ಎಂಬ ಶುಲ್ಕವೊಂದಿರುತ್ತದೆ. ಕಟ್ಟಿದರೆ ಇಬ್ಬರ ಹೆಸರೂ ಕ್ಯಾಟಲಾಗಿನಲ್ಲಿ ಬರುತ್ತದೆ.

ಸ್ಥಳದಲ್ಲೇ ಮಾರಬಹುದೇ ಎಂಬುದೂ ಷರತ್ತಿನ ಮಾತೇ. ಯಂತ್ರಗಳ ಮೇಳದಲ್ಲಿ ಆರ್ಡರ್ ಬರೆದುಕೊಳ್ಳುತ್ತಾರೆ, ಕೈಯಿಂದ ಕೈಗೆ ಮಾರುವುದಿಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ಪ್ರತಿ ನವೆಂಬರ್ 14ರಿಂದ 27ರವರೆಗೆ ನಡೆಯುವ ಅಂತರರಾಷ್ಟ್ರೀಯ ವ್ಯಾಪಾರ ಮೇಳದಲ್ಲಿ ಮಾರಾಟವೇ ಜೋರು. ಇಲ್ಲಿಂದ ಸಾಮಾನು ಒಯ್ದು ಅಲ್ಲಿ ಮಾರುವವರಿಗೆ ಸಂಘಟಕರ ಗಡುವಿನ ಜೊತೆಗೆ ತೆರಿಗೆ ಇಲಾಖೆಯ ಗಡುವೂ ಇದೆ. ಹೊರರಾಜ್ಯದಲ್ಲಿ ತಾತ್ಕಾಲಿಕವಾಗಿ ವ್ಯಾಪಾರ ಮಾಡುವವರು ಶುರುವಿಗೆ ಕನಿಷ್ಠ ಐದು ದಿನ ಮೊದಲು ಜಿಎಸ್‌ಟಿಯಲ್ಲಿ 'ಕ್ಯಾಶುವಲ್' ನೋಂದಣಿಗೆ ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಹಿವಾಟಿನ ಮಿತಿಯೊಳಗೆ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಯವರು ತಮ್ಮ ಆಡಿಟರನ್ನು ಕೇಳಿಕೊಂಡೇ ಹೊರಡುವುದು ಒಳ್ಳೆಯದು.

ದೇಶದ ಹೊರಗಿನ ಮೇಳವಾದರೆ ಪ್ರಶ್ನೆಗಳು ಇನ್ನೂ ಎರಡು. ಒಂದು, ವೀಸಾಕ್ಕೆ ಬೇಕಾದ ಆಹ್ವಾನ ಪತ್ರವನ್ನು ಯಾವಾಗ ಕೊಡುತ್ತೀರಿ? ಹಣ ಬಂದ ಮೇಲೆ ಎಂಬುದೇ ಸಾಮಾನ್ಯ ಉತ್ತರ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಆದ್ದರಿಂದ ಕಂತಿನ ದಿನಾಂಕವನ್ನೂ ವೀಸಾದ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಇನ್ನೊಂದು, ಮಷೀನು ವಾಪಸು ಬರುವುದಾದರೆ ಅಲ್ಲಿ ಸುಂಕ ಕಟ್ಟದೆ ಒಯ್ದು ತರಲು ಎಟಿಎ ಕಾರ್ನೆಟ್ ಎಂಬ ದಾಖಲೆ ಬೇಕು. ಭಾರತದಲ್ಲಿ ಅದನ್ನು ಕೊಡುವುದು ಎಫ್‌ಐಸಿಸಿಐ. ಎಂಜಿನಿಯರಿಂಗ್ ರಫ್ತು ಮಂಡಳಿಯಂಥ ಸಂಸ್ಥೆಗಳು ಭಾರತದ ಹೆಸರಿನ ಮಂಟಪವನ್ನು ಒಟ್ಟಾಗಿ ಹಿಡಿದು ಸಣ್ಣವರಿಗೆ ಹಂಚುವುದುಂಟು. ಅಲ್ಲಿ ಗಡುವು ಮೂಲ ಮೇಳದ ಗಡುವಿಗಿಂತ ಮೊದಲೇ ಮುಗಿಯುತ್ತದೆ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳಿಗೆ ಬಾಡಿಗೆಯ ಪಾಲನ್ನು ಮರಳಿಸುವ ಸರ್ಕಾರಿ ಯೋಜನೆಗಳೂ ಇವೆ. ಈ ಮೇಳ ಆ ಯೋಜನೆಯ ಪಟ್ಟಿಯಲ್ಲಿದೆಯೇ, ಅನುಮತಿ ಮೊದಲೇ ಬೇಕೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೋ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಅಭಿವೃದ್ಧಿ ಕೇಂದ್ರದಲ್ಲೋ ವಿಚಾರಿಸುವುದು ಸಹಿ ಹಾಕುವ ಮೊದಲು.

ಹೆಸರು ಕೇಳದ ಸಂಘಟಕರಾದರೆ ಇನ್ನೊಂದು ಫೋನು ಮಾಡಬೇಕು, ಅದು ಹಾಲಿನವರಿಗೆ. ಆ ದಿನಾಂಕಗಳಿಗೆ ಈ ಮೇಳದ ಹೆಸರಿನಲ್ಲಿ ಜಾಗ ಬುಕ್ ಆಗಿದೆಯೇ ಎಂದರೆ ಹೇಳುತ್ತಾರೆ. ಜಾಗವೇ ಗಟ್ಟಿಯಾಗದೆ ಸ್ಟಾಲು ಮಾರುವವರೂ ಇದ್ದಾರೆ. ಹಣವನ್ನು ಕಂಪನಿಯ ಖಾತೆಗೆ ಬಿಟ್ಟು ವ್ಯಕ್ತಿಯ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಬೇಕು. ಸ್ಟಾಲು ಖಚಿತವಾದ ಮೇಲೆ 'ನಿಮ್ಮ ಹೆಸರು ಡೈರೆಕ್ಟರಿಯಲ್ಲಿದೆ, ವಿವರ ಸರಿನೋಡಿ ಸಹಿ ಹಾಕಿ' ಎಂಬ ಪತ್ರ ಬರಬಹುದು. ಅದು ಮೇಳದವರದೇ ಎಂಬಂತೆ ಕಾಣುತ್ತದೆ. ಸಣ್ಣಕ್ಷರ ಓದಿದರೆ ಮೂರು ವರ್ಷದ ಜಾಹೀರಾತಿನ ಕರಾರು. ಪ್ಯಾರಿಸ್ಸಿನಲ್ಲಿ ಕೇಂದ್ರ ಕಚೇರಿ ಇರುವ, ಮೇಳ ಸಂಘಟಕರ ಜಾಗತಿಕ ಸಂಸ್ಥೆ ಯುಎಫ್‌ಐ ಇಂಥ ಡೈರೆಕ್ಟರಿಗಳ ಬಗ್ಗೆ ಎಚ್ಚರಿಸುತ್ತಲೇ ಬಂದಿದೆ.

ಪೀಣ್ಯದ ಮಗಳ ಮೇಲಿಗೆ ನಾಲ್ಕನೇ ದಿನ ಉತ್ತರ ಬಂತೆನ್ನಿ. ಪ್ರೊಫಾರ್ಮಾ ಇದೆ, ದಿನಾಂಕಗಳಿವೆ, ನಿಯಮಗಳ ಪ್ರತಿಯೂ ಇದೆ. ಮುಂದೂಡಿದರೆ ಹಣ ಏನಾಗುತ್ತದೆಂಬ ಪ್ರಶ್ನೆಗೆ ಮಾತ್ರ 'ನಿಯಮಾವಳಿ ನೋಡಿ' ಎಂದಷ್ಟೇ ಇದೆ. ನಿಯಮಾವಳಿಯಲ್ಲಿ ಸಂಘಟಕರ ತೀರ್ಮಾನವೇ ಅಂತಿಮ ಎಂದಿದೆ. ಅವಳು ಅದನ್ನೇ ಎತ್ತಿ ಇನ್ನೊಂದು ಮೇಲು ಹಾಕುತ್ತಾಳೆ: ಮುಂದೂಡಿದರೆ ಕಟ್ಟಿದ ಹಣ ಮುಂದಿನ ದಿನಾಂಕಕ್ಕೆ ಪೂರ್ತಿ ಜಮೆಯಾಗುತ್ತದೆಂದು ಬರೆದುಕೊಡಿ. ಎರಡು ದಿನ ಬಿಟ್ಟು ಒಂದು ಸಾಲಿನ ಉತ್ತರ: ಆಗುತ್ತದೆ.

ಜೊತೆಗೆ ಬಂದ ನಕ್ಷೆಯನ್ನು ಅಪ್ಪ ಮಗಳು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾರೆ. ಅವರಿಗೆ ತೋರಿಸಿದ ಮೂಲೆ ಸ್ಟಾಲಿನ ಒಂದು ತುದಿಯಲ್ಲಿ ಸಣ್ಣದೊಂದು ಕಪ್ಪು ಚೌಕ. "ಇದೇನಮ್ಮಾ ಇದು?" ಎನ್ನುತ್ತಾರೆ ಅಪ್ಪ. ಕಂಬ. ಅದೇ ಸಾಲಿನಲ್ಲಿ ಮೂರು ಸ್ಟಾಲು ಆಚೆ, ಒಂದೇ ಬದಿ ತೆರೆದ, ಕಂಬವಿಲ್ಲದ ಜಾಗ ಖಾಲಿ ಇದೆ. ಗಾಳಿಯ ಪೈಪೂ ಅದರ ಬೆನ್ನಿಗೇ ಹಾದುಹೋಗುತ್ತದೆ. ಮೂಲೆಯ 10,800, ಅದರ ಜಿಎಸ್‌ಟಿ 1,944 ತೆಗೆದರೆ ಬಿಲ್ಲು 1,64,610ಕ್ಕೆ ಇಳಿಯುತ್ತದೆ. ಮಗಳು ಸ್ಟಾಲಿನ ನಂಬರು ಬದಲಿಸಿ ಹೊಸ ಪ್ರೊಫಾರ್ಮಾ ಕೇಳುತ್ತಾಳೆ. ಅಪ್ಪ ಟೇಪು ತಂದು ವರ್ಕ್‌ಶಾಪಿನ ನೆಲದ ಮೇಲೆ ಮೂರಕ್ಕೆ ಮೂರು ಮೀಟರಿನ ಚೌಕ ಎಳೆದು, ಮಷೀನನ್ನು ಎತ್ತ ತಿರುಗಿಸಿ ನಿಲ್ಲಿಸಿದರೆ ಓಣಿಯಲ್ಲಿ ಹೋಗುವವರಿಗೆ ಟ್ಯಾಪು ಇಳಿಯುವುದು ಕಾಣುತ್ತದೆ ಎಂದು ನೋಡತೊಡಗುತ್ತಾರೆ.